ನೀರಿಲ್ಲದ ಮಂಟಪದಲ್ಲಿ ತೋಯ್ದು ನಿಂತವರು

ಈ ಚಿತ್ರದಲ್ಲಿರುವ ಐವರಲ್ಲಿ ನಾಲ್ವರು ಬಾಯಿ ತೆರೆದು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ನಿಂತಿರುವುದನ್ನು ಕಂಡು ಯಾರೂ ಗಾಬರಿಯಾಗಬೇಕಾಗಿಲ್ಲ. ವಿಜಯಪುರದ ಹತ್ತಿರದ ಕುಮಟಗಿಯ ಈ ಜಲಮಂಟಪದಲ್ಲಿ ಆದಿಲಶಾಹಿ ಅರಸರ ಕಾಲಕ್ಕೆ ಚಾವಣಿಯಿಂದಲೇ ನೀರು ತುಂತುರು ಮಳೆಯಾಗಿ ಸುರಿಯುತ್ತಿತ್ತೆಂದು ಸವಿತಕ್ಕ ವಿವರಿಸಿ ಮುಗಿಸುವಷ್ಟರಲ್ಲಿ ರಫೀಕ, "ಹಂಗಾರ ಯಾರರೆ ಒಂದ್ ಸಲ ನಳಾ ತಿರುವ್ರಿ" ಎಂದು ತಲೆಯೊಡ್ಡಿ ನಿಂತುಬಿಟ್ಟ. ಉಳಿದವರು ಅವನಿಗಿಂತ ಶಾಣ್ಯಾರಲ್ಲವಾದ್ದರಿಂದ ಸಾಲುಗಟ್ಟಿ ಅವನ ಪಕ್ಕದಲ್ಲಿಯೇ ನಿಂತರು. ನೀರಂತೂ ಬರಲಿಲ್ಲ. ಮೈಮೇಲೆ ಕಾಣುತ್ತಿರುವ ತೇವವೆಲ್ಲ, ಬೆಳಗಿನ ಮೂಡಗಾಳಿಗೆ ಎದುರಾಗಿ 20 ಕಿಲೋಮೀಟರ್ ಸೈಕಲ್ ತುಳಿದು ನಾವೇ ಸಂಪಾದಿಸಿದ ಬೆವರು.

ಎಡದಿಂದ ಮೊದಲನೆಯವನು ಮಹಾಂತೇಶ; ಹೊರಟಾಗ ಹಾಕಿಕೊಂಡಿದ್ದ ಮಂಕಿ ಟೋಪಿಯನ್ನು ಬಿಸಿಲೇರಿದರೂ ತೆಗೆಯದೆ, ಅದರ ಮೇಲೆಯೇ ಹೆಲ್ಮೆಟ್ ಕೂಡಿಸಿರುವವನು. ಅವನ ಪಕ್ಕದಲ್ಲಿ ಸವಿತಕ್ಕ, ನಮ್ಮೆಲ್ಲರಿಗಿಂತ ಹಿರಿಯಳು ಮತ್ತು ಏರಿನಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕುವವಳು. ನಡುವೆ ರಫೀಕ. ಅವನ ಕರಿಯ ಅಂಗಿಯ ಬೆನ್ನಿನ ಮೇಲೆ ಬೆವರು ಆರಿ ಉಪ್ಪು ಬಿಳಿಯ ಗೆರೆಗಳಾಗಿ ಕೂತಿದ್ದು, ಅದರಲ್ಲಿ ಜಿಲ್ಲೆಯ ನಕ್ಷೆ ಕಾಣುತ್ತದೆಂದು ಹೇಳಿ ಇಂಡಿ ಎಲ್ಲಿ, ಸಿಂದಗಿ ಎಲ್ಲಿ ಎಂದು ಬೆರಳಿಟ್ಟು ತೋರಿಸುವ ಕೆಲಸ ಬಹಳ ಹೊತ್ತು ನಡೆಯಿತು. ಚಿತ್ರ ಎದುರಿನಿಂದ ತೆಗೆದದ್ದರಿಂದ ಓದುಗರಿಗೆ ಆ ನಕ್ಷೆಯ ಭಾಗ್ಯವಿಲ್ಲ. ಅವನಾಚೆ ಅಗಲ ಎದೆಯ ಬಸು. ಅವನ ಬಗ್ಗೆ ಮುಂದೆ ಬೇರೆಯೇ ಹೇಳಬೇಕಾಗಿದೆ. ಕೊನೆಯಲ್ಲಿ ನಗು ತಡೆಯಲಾರದೆ ಬಗ್ಗಿರುವವಳು ನನ್ನ ತಂಗಿ ಭಾಗ್ಯ. ಚಿತ್ರ ತೆಗೆದವನು ನಾನಾದ್ದರಿಂದ ನನ್ನ ಅವಸ್ಥೆ ಯಾರಿಗೂ ಕಾಣಿಸದು, ಮತ್ತು ಅದು ಹಾಗೆಯೇ ಇರಲಿ.

ನಸುಕಿನ ಐದೂವರೆಗೆ ಗೋಳಗುಮ್ಮಟದ ಎದುರಿನ ರಸ್ತೆಯಲ್ಲಿ ಕೂಡುವುದೆಂದು ರಾತ್ರಿಯೇ ಮಾತಾಗಿತ್ತು. ಜನವರಿಯ ಚಳಿ, ಹೊತ್ತು ಮೂಡಲು ಇನ್ನೂ ಒಂದೂವರೆ ತಾಸು. ಗುಮ್ಮಟ ಬರೀ ಒಂದು ಕಪ್ಪು ಆಕಾರವಾಗಿ ನಿಂತಿತ್ತು. ಅದರೊಳಗೆ ಒಮ್ಮೆ ಕೂಗಿದರೆ ಧ್ವನಿ ಮತ್ತೆ ಮತ್ತೆ ಮರಳಿ ಕೇಳುತ್ತದೆಂಬುದು ಲೋಕಕ್ಕೆಲ್ಲ ಗೊತ್ತು, ಆದರೆ ಮಹಾಂತೇಶ ಗಾಳಿ ಹೊಡೆಯುವ ಪಂಪು ಮರೆತು ಬಂದ ರಫೀಕನನ್ನು ಬಯ್ದ ಬಯ್ಗುಳ ಹೊರಗಿನ ಬಯಲಿನಲ್ಲಿಯೂ ಅಷ್ಟೇ ಸಲ ಮರಳಿ ಬಂತು, ಏಕೆಂದರೆ ಅವನು ಅದನ್ನು ಅಷ್ಟು ಸಲ ಹೇಳಿದ. ಪಂಪು ಸವಿತಕ್ಕನ ಚೀಲದಲ್ಲಿತ್ತು.

ಸಿಂದಗಿ ರಸ್ತೆ ಹಿಡಿದು ಊರು ದಾಟುತ್ತಿದ್ದಂತೆ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ ಆಳೆತ್ತರದ ಕಬ್ಬು, ಹಿಂಬದಿಗೆ ದೀಪವೆಂಬುದೇ ಇಲ್ಲ. ಮುಂದೆ ಮಾತ್ರ ಮದುವೆ ಮನೆಗೆ ಸಾಕಾಗುವಷ್ಟು ದೊಡ್ಡ ಸ್ಪೀಕರು. ಕಬ್ಬು ನುರಿಸುವ ದಿನಗಳಲ್ಲಿ ನಮ್ಮ ಭಾಗದ ರಸ್ತೆಗಳಲ್ಲಿ ಕತ್ತಲೆಯಲ್ಲಿ ಸೈಕಲ್ ಹೊಡೆಯುವವರು ನಿಜವಾಗಿಯೂ ಅಂಜಬೇಕಾದದ್ದು ಇದಕ್ಕೇ, ಆದ್ದರಿಂದ ನಮ್ಮ ಸೈಕಲ್ಲುಗಳಿಗೆಲ್ಲ ಹಿಂದೆ ಕೆಂಪು ದೀಪ ಕಡ್ಡಾಯ. ಆದರೂ ಆ ಸ್ಪೀಕರಿನ ಹಾಡಿನ ತಾಳಕ್ಕೆ ಸರಿಯಾಗಿ ಪೆಡಲ್ ತುಳಿಯುತ್ತ, ಸುರಕ್ಷಿತ ಅಂತರದಲ್ಲಿ ಹಿಂದೆ ಹಿಂದೆಯೇ ಸಾಗಿದ ನಾವು ಹಾಡು ಬದಲಾದಾಗಲೆಲ್ಲ ಗೇರ್ ಬದಲಿಸಬೇಕಾಯಿತು. ನಿಧಾನದ ಒಂದು ವಿರಹಗೀತೆ ಬಂದಾಗ ಭಾಗ್ಯಳ ಸೈಕಲ್ ನಿಂತೇ ಹೋಗುವುದರಲ್ಲಿತ್ತು.

ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯದ ಹೊಲಗಳ ಹತ್ತಿರ ಬರುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿದು, ಜೊತೆಗೆ ಗಾಳಿಯೂ ಎದ್ದಿತು. ಈ ದಿನಗಳಲ್ಲಿ ಬೆಳಗಿನ ಗಾಳಿ ಮೂಡಣದಿಂದ ಬೀಸುತ್ತದೆ, ನಾವು ಹೋಗಬೇಕಾದದ್ದೂ ಮೂಡಣಕ್ಕೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುವವನಿಗೆ 12 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಅವನ ಎದೆಗೆ ಬಡಿಯುವುದು 30ರ ಗಾಳಿ, ಮತ್ತು ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆ ಹನ್ನೆರಡರ ಬೆಲೆಯನ್ನು ತೊಡೆಗಳು ಬಡ್ಡಿಸಹಿತ ತೆರಬೇಕಾಗುತ್ತದೆ. ಶರ್ಯತ್ತಿನ ಸೈಕಲ್ ಪಟುಗಳು ಒಬ್ಬರ ಹಿಂದೊಬ್ಬರು ಅಂಟಿಕೊಂಡಂತೆ ಸಾಲಾಗಿ ಓಡುವುದು ಇದೇ ಕಾರಣಕ್ಕೆ: ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಹಿಂದಿನವನು ಅವನ ಮರೆಯಲ್ಲಿ ಕಡಿಮೆ ಶ್ರಮದಿಂದ ಅದೇ ವೇಗ ಕಾಯ್ದುಕೊಳ್ಳುತ್ತಾನೆ, ಸುಸ್ತಾದಾಗ ಸರದಿ ಬದಲಾಗುತ್ತದೆ. ರಾಜ್ಯಕ್ಕೆ, ದೇಶಕ್ಕೆ ಸೈಕಲ್ ಪಟುಗಳನ್ನು ಕೊಟ್ಟಿರುವ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ತಂಡದಲ್ಲಿ ಮಾತ್ರ ಸರದಿ ಎಂಬುದು ಹೆಸರಿಗಷ್ಟೇ ಉಳಿಯಿತು, ಏಕೆಂದರೆ ಎಲ್ಲರಿಗೂ ಬೇಕಾದದ್ದು ಬಸುವಿನ ಬೆನ್ನು. ತಾಲೀಮಿನ ಮನೆಯಲ್ಲಿ ಬೆಳೆದ ಅವನ ಬೆನ್ನಿನ ಹಿಂದೆ ಗಾಳಿಯೇನು, ಮೂಡುವ ಸೂರ್ಯನೂ ಕಣ್ಣಿಗೆ ಬೀಳುವುದಿಲ್ಲ. ಆ ಜಾಗಕ್ಕಾಗಿ ನಾಲ್ವರಲ್ಲಿ ನಡೆದ ಮೇಲಾಟವನ್ನು ಬೆನ್ನ ಹಿಂದೆಯೇ ಕೇಳಿಸಿಕೊಂಡ ಬಸು ಸ್ವಲ್ಪ ದೂರದ ಮೇಲೆ ತಿರುಗಿ, "ಲೇ, ನನ್ನ ಹಿಂದ ಕೂಡಾಕ ಕಿಲೋಮೀಟರಿಗೆ ಒಂದ್ ಭಜಿ" ಎಂದು ದರ ಗೊತ್ತುಮಾಡಿದ. ರಫೀಕ ಕೂಡಲೇ ಮುಂಗಡ ಐದು ಭಜಿ ಒಪ್ಪಿಕೊಂಡು ಜಾಗ ಹಿಡಿದ. ಸವಿತಕ್ಕನಿಗೆ ರಿಯಾಯಿತಿ ಬೇಕೆಂದು ಕೇಳಿದಾಗ, "ಅಕ್ಕಾ, ನಿಮ್ಮ ಹಿಂದ ನಾನs ಬರ್ತೀನಿ, ನೀವು ಮುಂದ ನಡೀರಿ" ಎಂದು ಅವನು ಜಾಣತನದ ಉತ್ತರ ಕೊಟ್ಟ. ಆಕೆ ನಿಜವಾಗಿಯೂ ಮುಂದೆ ಹೋದಳು. ಹೋದವಳನ್ನು ನಾವು ಮತ್ತೆ ಕಂಡದ್ದು ಪಂಕ್ಚರಾದ ಮೇಲೆಯೇ.

ಪಂಕ್ಚರಾದದ್ದು ಮಹಾಂತೇಶನ ಹಿಂದಿನ ಗಾಲಿ. ಟೈರನ್ನು ನಿಧಾನವಾಗಿ ತಿರುಗಿಸುತ್ತ ಹೋದಾಗ ನಡುಪಟ್ಟಿಯಲ್ಲಿ ಒಂದು ನೆಗ್ಗಿಲು ಮುಳ್ಳು ಕೂತಿರುವುದು ಸಿಕ್ಕಿತು. ಒಣಗಿದ ಕಡಲೆಕಾಳಿನಷ್ಟೇ ಇರುವ ಆ ಕಾಯಿ ನೆಲದ ಮೇಲೆ ಹೇಗೆ ಬಿದ್ದರೂ ಒಂದು ಮೊನೆ ಮೇಲ್ಮುಖವಾಗಿಯೇ ಇರುತ್ತದೆ; ತುಳಿದ ಗಾಲಿಯ ರಬ್ಬರಿನೊಳಗೆ ಆ ಮೊನೆ ಇಳಿದು, ಕಾಯಿ ಹೊರಗೆ ಗುಂಡಿಯಂತೆ ಉಳಿದುಕೊಳ್ಳುತ್ತದೆ. ಕೂಡಲೇ ಕಿತ್ತರೆ ಗಾಳಿ ಭುಸ್ಸೆನ್ನುತ್ತದೆ, ಕೀಳದೆ ಬಿಟ್ಟರೆ ಮನೆ ಮುಟ್ಟಲೂಬಹುದು, ಮುಟ್ಟದಿರಲೂಬಹುದು. ಮಹಾಂತೇಶ ಯೋಚಿಸುತ್ತಿರುವಾಗಲೇ ಭಾಗ್ಯ ಕಿತ್ತಳು. ಟ್ಯೂಬಿನ ತೂತು ಎಲ್ಲಿದೆಯೆಂದು ನೋಡಲು ನೀರಿಲ್ಲದ್ದರಿಂದ ಅದನ್ನು ಊದಿಸಿ ಕೆನ್ನೆಗೆ ಹಿಡಿದು ಗಾಳಿಯ ಸೋಂಕು ಹುಡುಕುತ್ತಿದ್ದ ರಫೀಕನಿಗೆ ಮುಖದ ತುಂಬ ಬೆವರಿದ್ದುದು ಅನುಕೂಲವೇ ಆಯಿತು. ಒದ್ದೆ ಕೆನ್ನೆಗೆ ಸಣ್ಣ ಗಾಳಿಯೂ ತಣ್ಣಗೆ ತಾಕುತ್ತದೆ. ಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಆರುವವರೆಗೆ ಕಾದು, ಪಟ್ಟಿ ಒತ್ತುವವರೆಗೂ ಸುತ್ತ ನಿಂತ ನಾಲ್ವರು ಕೊಟ್ಟ ಸಲಹೆಗಳನ್ನು ಇಲ್ಲಿ ಬರೆಯುವಂತಿಲ್ಲ.

ಪಕ್ಕದ ಹೊಲದ ಅಜ್ಜ ಈ ಪ್ರಹಸನವನ್ನೆಲ್ಲ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಯಾಕೆ ಎಂದು ಮೂರು ಪ್ರಶ್ನೆ ಕೇಳಿದರು. ಮೊದಲೆರಡಕ್ಕೆ ನಮ್ಮಲ್ಲಿ ಉತ್ತರವಿತ್ತು. ಸುಮ್ಮನೆ ಹೊರಟಿದ್ದೇವೆಂದು ತಿಳಿದಾಗ, "ನಿಮ್ಮ ಕಾಲಾಗ ಇಷ್ಟ ತ್ರಾಣ ಐತಿ ಅಂದ್ರ ಸೈಕಲ್ ಅಲ್ಲೇ ನಿಂದ್ರಿಸಿ ಬರ್ರೆಪಾ, ಕಡ್ಲಿ ಕೀಳಾಕ ಆಳ ಸಿಗವಲ್ಲವು" ಎಂದರು. ಬಸು ತಕ್ಷಣ ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಅವರು ನಕ್ಕು, ಇನ್ನೂ ಹಸಿರಾಗಿದ್ದ ಮೂಲೆಯಿಂದ ಒಂದು ಹಿಡಿ ಸುಲಗಾಯಿ ಕಿತ್ತು ಕೈಗಿತ್ತರು. ಕಡಲೆ ಗಿಡದ ಮೇಲಿನ ಬೆಳಗಿನ ಇಬ್ಬನಿಗೆ ತನ್ನದೇ ಒಂದು ಹುಳಿಯಿರುತ್ತದೆ. ಬೆವರಿನ ಉಪ್ಪು ಹತ್ತಿದ ಬೆರಳುಗಳಿಂದ ಸುಲಿದು ತಿಂದ ಆ ಕಾಳುಗಳಿಗೆ ಉಪ್ಪೂ ಹುಳಿಯೂ ತಾನಾಗಿಯೇ ಒದಗಿತ್ತು. ಆಚೆ ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳಿಗೆ ಬಂದಿತ್ತು. ಇನ್ನೊಂದು ವಾರ ಬಿಟ್ಟು ಬಂದರೆ ಸೀತನಿ ಸುಟ್ಟು ಕೊಡುವುದಾಗಿ ಅಜ್ಜ ಹೇಳಿದ್ದನ್ನು ಎಲ್ಲರಿಗಿಂತ ಮೊದಲು ನೆನಪಿನಲ್ಲಿಟ್ಟುಕೊಂಡವನು ಯಾರೆಂದು ಹೇಳಬೇಕಾಗಿಲ್ಲ.

ಹೀಗೆ ಕುಮಟಗಿ ಮುಟ್ಟಿದಾಗ ಬಿಸಿಲು ಚುರುಕಾಗಿತ್ತು. ಕೆರೆಯ ನೀರನ್ನು ಎತ್ತರದ ಗೋಪುರಗಳಿಗೆ ಏರಿಸಿ, ಅಲ್ಲಿಂದ ಕೊಳವೆಗಳ ಮೂಲಕ ಮಂಟಪಗಳಿಗೆ ಹರಿಸಿ, ಕಾರಂಜಿಗಳಿಗೂ ಚಾವಣಿಯ ತೂತುಗಳಿಗೂ ಒದಗಿಸುತ್ತಿದ್ದ ಏರ್ಪಾಡಿನ ಕುರುಹುಗಳು ಇಲ್ಲಿ ಇನ್ನೂ ಉಳಿದಿವೆ. ಎತ್ತರದಿಂದ ಇಳಿಯುವ ನೀರಿಗೆ ತನ್ನದೇ ಒತ್ತಡವಿರುತ್ತದೆ ಎಂಬ ಒಂದೇ ತತ್ತ್ವದ ಮೇಲೆ ಬಿಸಿಲ ನಾಡಿನ ಅರಸರು ತಮಗೊಂದು ಮಳೆಗಾಲ ಕಟ್ಟಿಕೊಂಡಿದ್ದರು. ಗೋಡೆಯ ವರ್ಣಚಿತ್ರಗಳು ಬಹಳಷ್ಟು ಅಳಿಸಿಹೋಗಿವೆ. ಹೆಸರು ಗೀಚಿಟ್ಟು ಹೋದ ಪ್ರೇಮಿಗಳ ಪಾಲೂ ಅದರಲ್ಲಿದೆ ಎಂಬ ಸಿಟ್ಟನ್ನು ಇಲ್ಲಿ ಬಚ್ಚಿಡಲಾರೆ. ಆದರೂ ಕುದುರೆಯ ಮೇಲೆ ಕೂತು ಪೋಲೋ ಆಡುವವರ ಚಿತ್ರ ಇಲ್ಲಿಯದೆಂದು ಪ್ರಸಿದ್ಧ. ಅದನ್ನು ಕೇಳಿದ ಮಹಾಂತೇಶ, ಅವರ ಕುದುರೆಗೆ ನೆಗ್ಗಿಲು ಮುಳ್ಳು ಚುಚ್ಚಿದರೆ ಪಟ್ಟಿ ಹಚ್ಚುವವರು ಯಾರಿದ್ದರೆಂದು ಬಹಳ ಗಂಭೀರವಾಗಿ ಕೇಳಿದ. ಆ ಪ್ರಶ್ನೆಗೆ ನಕ್ಕ ನಗು ಇನ್ನೂ ಪೂರ್ತಿ ನಿಂತಿರಲಿಲ್ಲ, ಅಷ್ಟರಲ್ಲಿ ರಫೀಕ ನಳ ತಿರುವಲು ಹೇಳಿದ. ಚಿತ್ರ ತೆಗೆದದ್ದು ಆ ಗಳಿಗೆಯಲ್ಲಿ.

ಮರಳುವಾಗ ಅದೇ ಗಾಳಿ ಬೆನ್ನಿಗಿತ್ತು, ಆದ್ದರಿಂದ ಬಸುವಿನ ಹಿಂದಿನ ಜಾಗದ ದರ ಪೂರ್ತಿ ಕುಸಿಯಿತು. ಊರ ಹತ್ತಿರದ ಒಂದು ಚಹಾದಂಗಡಿಯಲ್ಲಿ ಚುರುಮುರಿ ಸೂಸಲ, ಮಿರ್ಚಿ ಭಜಿ, ಎರಡೆರಡು ಸಲ ಚಹಾ ಆಯಿತು. ನಮ್ಮ ಅಂಗಿಗಳನ್ನು ನೋಡಿದ ಅಂಗಡಿಯವರು ಬೆಂಚನ್ನು ಹೊರಗೆ ಹಾಕಿಸಿದ್ದು ಗೌರವಕ್ಕೆಂದು ನಾವು ನಂಬಿದ್ದೇವೆ. ರಫೀಕ ಕೊಡಬೇಕಾದ ಭಜಿಗಳ ಲೆಕ್ಕದಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ: ಪಂಕ್ಚರಿಗಾಗಿ ನಿಂತ ಸಮಯಕ್ಕೂ ಬಾಡಿಗೆ ಸಲ್ಲಬೇಕೆಂದು ಬಸು, ಗಾಲಿ ತಿರುಗದಿದ್ದಾಗ ಗಾಳಿಯ ಮರೆಗೆ ಬೆಲೆಯಿಲ್ಲವೆಂದು ರಫೀಕ. ತೀರ್ಪು ಸವಿತಕ್ಕನ ಕೈಯಲ್ಲಿದೆ. ಆಕೆ ಅಷ್ಟರಲ್ಲಿ ಕೊನೆಯ ಭಜಿ ತಿಂದಾಗಿತ್ತು.

ಮುಂದಿನ ಭಾನುವಾರ ಇದೇ ಹೊತ್ತಿಗೆ, ಇದೇ ಜಾಗದಿಂದ ಹೊರಟು ಸೀತನಿಯ ಅಜ್ಜನ ಹೊಲದವರೆಗೆ ಹೋಗುವುದೆಂದು ನಿಶ್ಚಯವಾಗಿದೆ. ಬರುವವರು ಹೆಲ್ಮೆಟ್, ಹಿಂಬದಿಯ ಕೆಂಪು ದೀಪ, ಒಂದು ಹೆಚ್ಚಿನ ಟ್ಯೂಬ್ ತಪ್ಪದೆ ತರಬೇಕು, ಅಜ್ಜನಿಗೆ ಕೊಡಲು ಈ ಚಿತ್ರದ ಒಂದು ಪ್ರತಿಯನ್ನು ನಾನು ತರುತ್ತೇನೆ, ಪಂಪು ತರುವ ಜವಾಬ್ದಾರಿ ಮತ್ತೆ ರಫೀಕನದು. ಸವಿತಕ್ಕಾ, ನಿಮ್ಮ ಚೀಲದಲ್ಲಿಯೂ ಒಂದು ಇರಲಿ.