ಉಪ್ಪಿನ ದಾರಿ: ಕೊಡಗಿನಿಂದ ಕಡಲಿಗೆ

0:00 ನಕ್ಷೆ: ಕಪ್ಪು ಪರದೆ. ಮಲಬಾರ್ ಕರಾವಳಿ ಮಾತ್ರ ಬೆಳಗಲಿ.
ಕಾಲರೇಖೆ: ಕ್ರಿ.ಶ. 1ನೇ ಶತಮಾನ
ನಿರೂಪಣೆ: ಮುಜಿರಿಸ್ ಬಂದರು. ರೋಮನ್ನರ ಹಡಗು ಮೆಣಸು ತುಂಬಿಕೊಳ್ಳುತ್ತಿದೆ. ಮೆಣಸು ಬೆಳೆಯೋದು ಮಾತ್ರ ಒಳನಾಡಿನ ಬೆಟ್ಟಗಳಲ್ಲಿ.

0:12 ನಕ್ಷೆ: ಪಶ್ಚಿಮ ಘಟ್ಟ ಮೇಲೇಳಲಿ, ಕೊಡಗು ಹಸಿರಾಗಲಿ. ಕಕ್ಕಬೆ ಕಡೆಯಿಂದ ಕೇರಳದ ಪಯ್ಯಾವೂರಿಗೆ ಚುಕ್ಕಿಗೆರೆ. ಎತ್ತಿನ ನಡಿಗೆಯಷ್ಟೇ ನಿಧಾನ. (ಎಡಿಟರ್, ಇಲ್ಲಿ ಸ್ಪೀಡ್ ಜಾಸ್ತಿ ಮಾಡಬೇಡ!)
ಕಾಲರೇಖೆ: ಖಾಲಿ. ಸುಮ್ನೆ ಇಸವಿ ಹಾಕೋದು ಬೇಡ.
ನಿರೂಪಣೆ: ಕೊಡಗಿನಲ್ಲಿ ಗದ್ದೆ ಇತ್ತು, ಅಕ್ಕಿ ಇತ್ತು. ಕಡಲಿರಲಿಲ್ಲ. ಉಪ್ಪಿಲ್ಲದೆ ಪಂದಿಕರಿ ಆಗುತ್ತಾ? ಹೇರೆತ್ತುಗಳ ಬೆನ್ನ ಮೇಲೆ ಅಕ್ಕಿ ಘಟ್ಟ ಇಳಿಯಿತು, ಉಪ್ಪು ಹತ್ತಿತು. ಮಳೆಗಾಲದಲ್ಲಿ ಹೊಳೆ ದಾಟೋದು ಕಷ್ಟ. ಹೀಗಾಗಿ ಬೇಸಿಗೆಯೇ ವ್ಯಾಪಾರದ ಕಾಲ.

0:40 ದೃಶ್ಯ: ಎತ್ತಿನ ಬೆನ್ನು, ಎರಡೂ ಕಡೆ ತೂಗುವ ಅಕ್ಕಿ ಚೀಲ. ಮೂರು ಸೆಕೆಂಡ್ ಗಂಟೆಯ ಸದ್ದು ಮಾತ್ರ.
ನಿರೂಪಣೆ: ಪಯ್ಯಾವೂರು ಶಿವ ದೇವಸ್ಥಾನದ ಊಟ್ಟು ಉತ್ಸವಕ್ಕೆ ಕೊಡಗಿನವರು ಈಗಲೂ ಎತ್ತಿನ ಮೇಲೆ ಅಕ್ಕಿ ಒಯ್ಯುತ್ತಾರೆ. ನಕ್ಷೆಯಲ್ಲಿ ಅಳಿಸಿದ ದಾರಿ ಹಬ್ಬದಲ್ಲಿ ಉಳಿದಿದೆ, ಅಲ್ವಾ?

0:58 ನಕ್ಷೆ: ದಕ್ಷಿಣಕ್ಕೆ ಸರಿಯಲಿ. ಪೆರುಂಬಾಡಿ ಘಾಟಿ ಕೆಂಪು.
ಕಾಲರೇಖೆ: 1791, 1792
ನಿರೂಪಣೆ: ಬ್ರಿಟಿಷ್ ಜನರಲ್ ಅಬರ್‌ಕ್ರೋಂಬಿ ಟಿಪ್ಪುವಿನ ಶ್ರೀರಂಗಪಟ್ಟಣದತ್ತ ಕರಾವಳಿಯಿಂದ ಹತ್ತಿದ್ದು ಇಲ್ಲೇ. ಆಮೇಲೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ವಿರಾಜಪೇಟೆ ಕಟ್ಟಿಸಿದ.

1:14 ನಕ್ಷೆ: ಕೆಂಪು ಗೆರೆ ಡಾಂಬರು ರಸ್ತೆಯಾಗಲಿ. ಮಾಕುಟ್ಟ ತಿರುವಿನಲ್ಲಿ ಲಾರಿಯ ಹಾರ್ನ್. ಕಟ್.