ಹುತ್ತರಿಯ ಕದಿರು: ಒಂದು ಆಚರಣೆ, ಎರಡು ಸಿದ್ಧಾಂತ

ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯಲ್ಲಿ ಮೂರು ಕೆಲಸಗಳು ಕ್ರಮವಾಗಿ ನಡೆಯುತ್ತವೆ: ನೆರೆ ಎಂಬ ಎಲೆಗಳ ಕಟ್ಟನ್ನು ಕಟ್ಟುವುದು, ಗದ್ದೆಯಿಂದ ಕದಿರು, ಅಂದರೆ ಭತ್ತದ ತೆನೆ, ತೆಗೆಯುವುದು, ಹೊಸ ಅಕ್ಕಿಯ ಊಟ. ಮುಹೂರ್ತವನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡುತ್ತಾರೆ. ಈ ಪ್ರಬಂಧವು ಇಡೀ ಹಬ್ಬವನ್ನಲ್ಲ, ಕದಿರನ್ನು ಮಾತ್ರ ಪರಿಶೀಲಿಸುತ್ತದೆ. ಪ್ರಕಾರ್ಯವಾದ, ಸಾಂಕೇತಿಕ ಸಿದ್ಧಾಂತ ಎರಡನ್ನೂ ಒಂದೇ ವಸ್ತುವಿನ ಮೇಲೆ ಪ್ರಯೋಗಿಸಿದಾಗಲೇ ಯಾವುದು ಎಲ್ಲಿ ಸೋಲುತ್ತದೆಂಬುದು ಕಾಣುತ್ತದೆ.

ರ‍್ಯಾಡ್‌ಕ್ಲಿಫ್-ಬ್ರೌನ್ ಎಂಬ ಪ್ರಕಾರ್ಯವಾದಿ ಮಾನವಶಾಸ್ತ್ರಜ್ಞರ ಪ್ರಕಾರ ಆಚರಣೆಯು ಸಮಾಜ ನಿಂತಿರುವ ಭಾವನೆಗಳನ್ನು ಮತ್ತೆ ಮತ್ತೆ ಗಟ್ಟಿಮಾಡುತ್ತದೆ. ಅವರ ಶಿಷ್ಯ ಎಂ. ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಅಧ್ಯಯನದಲ್ಲಿ ಇದೇ ದೃಷ್ಟಿಯಿಂದ ಒಕ್ಕ ಎಂಬ ಪಿತೃವಂಶದ ಕುಟುಂಬ, ಊರು, ನಾಡುಗಳ ಒಗ್ಗಟ್ಟನ್ನು ವಿವರಿಸಿದರು. ಹುತ್ತರಿಗೆ ಇದು ಚೆನ್ನಾಗಿ ಹೊಂದುತ್ತದೆ. ಬೇರೆ ಬೇರೆ ಕಡೆ ನೆಲೆಸಿದ ಒಕ್ಕದವರು ಹಿರಿಯರ ಮೂಲಮನೆಯಾದ ಐನ್‌ಮನೆಗೆ ಬರುತ್ತಾರೆ, ಹಿರಿಯರ ಮುಂದಾಳತ್ವದಲ್ಲಿ ಒಟ್ಟಾಗಿ ಗದ್ದೆಗೆ ಹೋಗುತ್ತಾರೆ. ಮುಂದೆ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟಕ್ಕೆ ಊರೇ ಸೇರುತ್ತದೆ.

ಆದರೆ ಇಲ್ಲೊಂದು ತರ್ಕದ ತೊಡಕಿದೆ. ಒಗ್ಗಟ್ಟು ಹುತ್ತರಿಯ ಪರಿಣಾಮ ಎನ್ನಬಹುದು. ಆ ಪರಿಣಾಮವನ್ನೇ ಕಾರಣವೆಂದರೆ ವಾದ ಸುತ್ತು ಹೊಡೆಯುತ್ತದೆ. ಬರೀ ಸೇರುವುದಕ್ಕಾದರೆ ಊಟವೊಂದೇ ಸಾಕಿತ್ತು. ರಾತ್ರಿ ಗದ್ದೆಗಿಳಿದು, ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಕದಿರು ತರುವುದೇಕೆ?

ಸಾಂಕೇತಿಕ ಸಿದ್ಧಾಂತದ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಈ ಪ್ರಶ್ನೆಗೆ ನೆರವಾಗುತ್ತಾರೆ. ಅವರ ದೃಷ್ಟಿಯಲ್ಲಿ ಪ್ರಧಾನ ಸಂಕೇತಕ್ಕೆ ಎರಡು ಧ್ರುವಗಳಿವೆ. ಒಂದು ಇಂದ್ರಿಯಗಳಿಗೆ ತಾಕುವುದು, ಇನ್ನೊಂದು ಸಮಾಜದ ನಿಯಮ, ಮೌಲ್ಯಗಳಿಗೆ ಸೇರಿದ್ದು. ಕದಿರಿನ ಮೊದಲ ಧ್ರುವದಲ್ಲಿ ಅನ್ನ, ಹಸಿವು, ತುಂಬಿದ ಕಣಜ ಇವೆ. ಎರಡನೆಯದರಲ್ಲಿ ಒಕ್ಕದ ಮುಂದುವರಿಕೆ. ಟರ್ನರ್ ಹೇಳುವ ಸ್ಥಾನಿಕ ಅರ್ಥ, ಅಂದರೆ ಇತರ ಸಂಕೇತಗಳ ಜೊತೆಗಿನ ಸಂಬಂಧ, ಇಲ್ಲಿ ಇನ್ನೂ ಮುಖ್ಯ. ಕದಿರು ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಬಳಿ ಬರುತ್ತದೆ. ಹಿರಿಯರನ್ನು ನೆನೆಯುವ ಜಾಗವೂ ಅದೇ. ಹೀಗೆ ಈ ವರ್ಷದ ಬೆಳೆ ಸತ್ತವರ ಸಾಲಿಗೆ ಜೋಡಣೆಯಾಗುತ್ತದೆ.

ಈ ಓದಿಗೂ ಅಪಾಯವಿದೆ. ಆಚರಿಸುವವರು ಹೇಳುವ ಅರ್ಥ, ಅವರು ನಿಜವಾಗಿ ಮಾಡುವುದು, ವಿಶ್ಲೇಷಕ ಕಟ್ಟುವ ಅರ್ಥ, ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸದಿದ್ದರೆ ಎಲ್ಲವೂ ಸಂಕೇತವಾಗಿಬಿಡುತ್ತದೆ. ‘ಸತ್ತವರ ಸಾಲಿಗೆ ಜೋಡಣೆ’ ಎಂಬುದು ಮೂರನೆಯ ಬಗೆಯ ಅರ್ಥ. ‘ಪೊಲಿ’, ಸಮೃದ್ಧಿಯಾಗಲಿ, ಎಂಬ ಕೂಗು ಮೊದಲನೆಯದು. ಗದ್ದೆಯಲ್ಲಿ ದುಡಿದ ಕೂಲಿಯವರಿಗೆ ಅದೇ ಕದಿರು ಏನು ಹೇಳುತ್ತದೆ ಎಂಬುದನ್ನು ಮನೆಯವರ ವಿವರಣೆಯೊಂದರಿಂದಲೇ ತಿಳಿಯಲಾಗದು.

ಗದ್ದೆ ಪಾಳುಬಿಟ್ಟು ಕಾಫಿಯನ್ನೇ ನೆಚ್ಚಿಕೊಂಡ ಮನೆಯವರು ಕದಿರಿಗಾಗಿ ಬೇರೆಯವರ ಗದ್ದೆಗೆ ಹೋಗುವ ಸಂದರ್ಭ ನಿರ್ಣಾಯಕ ಪರೀಕ್ಷೆ. ಬೆಳೆಯೇ ಇಲ್ಲದಿದ್ದರೂ ಜನ ಸೇರುತ್ತಾರೆಂಬುದನ್ನು ಪ್ರಕಾರ್ಯವಾದ ಒಪ್ಪವಾಗಿ ವಿವರಿಸುತ್ತದೆ. ಊಟಕ್ಕಷ್ಟೇ ಸೇರದೆ, ಬೇರೆಯವರ ಗದ್ದೆಯಿಂದಾದರೂ ಕದಿರನ್ನೇ ತರಬೇಕೆಂಬ ಹಟವನ್ನು ಮಾತ್ರ ಸಾಂಕೇತಿಕ ಸಿದ್ಧಾಂತವೇ ವಿವರಿಸಬಲ್ಲದು.