ಇಳಕಲ್ ಕೈಮಗ್ಗ ಸೀರೆಗಳ ಪ್ರಚಾರ: ಶ್ರೀದೇವಿ ಅವರಿಗೆ ಕೆಲಸದ ವಿವರ, ಜಾಹೀರಾತು ಘೋಷಣೆ ಮತ್ತು ಪಾವತಿಯ ಷರತ್ತುಗಳು

ಶ್ರೀದೇವಿ ಅವರಿಗೆ ನಮಸ್ಕಾರ.

ಫೋನಿನಲ್ಲಿ ಮಾತಾಡಿಕೊಂಡದ್ದನ್ನೆಲ್ಲ ಬರಹದಲ್ಲಿ ಕಳುಹಿಸುತ್ತಿದ್ದೇನೆ. ನಿಧಾನವಾಗಿ ಓದಿ, ಒಪ್ಪಿಗೆಯಾಗದ ಕಡೆ ಗುರುತು ಹಾಕಿ ಕಳುಹಿಸಿ. ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ನಿಮ್ಮ ಮಾತನ್ನು ಮನೆಯವರ ಮಾತಿನಂತೆ ಕೇಳುತ್ತಾರೆ. ನಿಮ್ಮನ್ನು ಆರಿಸಿಕೊಂಡದ್ದು ಅದಕ್ಕೇ. ಆ ನಂಬಿಕೆಗೆ ಕುಂದು ಬರುವ ಒಂದು ವಾಕ್ಯವನ್ನೂ ನಾವು ನಿಮ್ಮಿಂದ ಹೇಳಿಸುವುದಿಲ್ಲ. ಈ ಪತ್ರದ ಬಹುಪಾಲು ಅದರ ಬಗ್ಗೆಯೇ ಇದೆ.

ಕೆಲಸ ಏನು

ಎರಡು ರೀಲ್, ಒಂದು ಫೋಟೋ ಪೋಸ್ಟ್, ಒಂದು ದಿನ ನಾಲ್ಕು ಸ್ಟೋರಿ. ಮೊದಲ ರೀಲ್ 90 ಸೆಕೆಂಡಿನದು, ಇಳಕಲ್‌ನ ನೇಕಾರರ ಮನೆಯಲ್ಲಿ ಚಿತ್ರೀಕರಿಸುವಂಥದ್ದು. ಜುಲೈ 31ಕ್ಕೆ ಪ್ರಕಟವಾಗಬೇಕು. ಎರಡನೆಯದು 60 ಸೆಕೆಂಡಿನದು. ಅದರಲ್ಲಿ ನೀವು ಸೀರೆ ಉಟ್ಟು, ನಿಮ್ಮ ಮನೆಯಲ್ಲೋ ಊರಿನಲ್ಲೋ ದಿನನಿತ್ಯ ಓಡಾಡುವಂತೆ ಇರಲಿ. ಅದು ರಾಷ್ಟ್ರೀಯ ಕೈಮಗ್ಗ ದಿನವಾದ ಆಗಸ್ಟ್ 7ರ ಬೆಳಿಗ್ಗೆ ಬರಲಿ. ಫೋಟೋ ಪೋಸ್ಟ್ ಆಗಸ್ಟ್ 3ಕ್ಕೆ, ಸ್ಟೋರಿಗಳು ಆಗಸ್ಟ್ 9ಕ್ಕೆ. ಎಲ್ಲವೂ ಕನ್ನಡದಲ್ಲಿರಲಿ. ನೀವು ಎಂದಿನಂತೆ ಧಾರವಾಡದ ಮಾತಿನಲ್ಲೇ ಹೇಳಿದರೆ ನಮಗೆ ಇನ್ನಷ್ಟು ಸಂತೋಷ.

ಸಂಭಾಷಣೆಯನ್ನು ನಾವು ಬರೆದು ಕೊಡುವುದಿಲ್ಲ. ಆದರೆ ಮೊದಲ ರೀಲ್‌ನಲ್ಲಿ ಒಂದು ದೃಶ್ಯ ಬೇಕೇ ಬೇಕು: ಸೀರೆಯ ಒಡಲು ಮತ್ತು ಸೆರಗು ಕೂಡುವ ಜಾಗ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೀರೆಯನ್ನು ತಿರುಗಿಸಿ ಬೆಳಕಿಗೆ ಹಿಡಿದರೆ ಆ ಕೊಂಡಿಗಳ ಸಾಲು ಕಾಣುತ್ತದೆ, ಬೆರಳಾಡಿಸಿದರೆ ಕೈಗೂ ಸಿಗುತ್ತದೆ. ಕ್ಯಾಮೆರಾ ಅಲ್ಲಿ ಏಳೆಂಟು ಸೆಕೆಂಡಾದರೂ ಅಲುಗದೆ ನಿಲ್ಲಲಿ, ಹಿನ್ನೆಲೆ ಸಂಗೀತ ಬೇಡ. ಆಮೇಲೆ ಸೆರಗಿನ ಟೋಪ ತೆನಿಗೆ ಬನ್ನಿ: ಕೆಂಪಿನ ಮೂರು ಪಟ್ಟಿ, ನಡುವೆ ಬಿಳಿಯ ಎರಡು. ಇಳಕಲ್ ಹೆಸರಿನಲ್ಲಿ ಮುದ್ರಿತ ಸೆರಗಿನ ಸೀರೆಗಳು ಪೇಟೆಯಲ್ಲಿ ರಾಶಿ ಬಿದ್ದಿವೆ. ಕೊಳ್ಳುವವರಿಗೆ ಕೊಂಡಿಯನ್ನು ನೋಡಲು ಕಲಿಸಿಕೊಟ್ಟರೆ, ಅವರು ನಮ್ಮಲ್ಲಿ ಕೊಳ್ಳದಿದ್ದರೂ ಮೋಸ ಹೋಗುವುದಿಲ್ಲ. ಆ ರೀಲ್‌ನಿಂದ ನಾನು ಮುಖ್ಯವಾಗಿ ಬಯಸುವುದು ಇದನ್ನೇ.

ಬಣ್ಣಕ್ಕೆ ಫಿಲ್ಟರ್ ಬಳಸಬೇಡಿ. ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಪಕ್ಕದಲ್ಲಿ ಚಿತ್ರೀಕರಿಸಿ. ನಮ್ಮಲ್ಲಿಗೆ ವಾಪಸ್ ಬರುವ ಸೀರೆಗಳಲ್ಲಿ ಹೆಚ್ಚಿನವು ‘ಫೋಟೋದ ಬಣ್ಣವೇ ಬೇರೆ’ ಎಂಬ ಕಾರಣಕ್ಕೇ ಬರುತ್ತವೆ, ಆ ದೂರು ನ್ಯಾಯವಾದದ್ದೂ ಹೌದು.

ನೇಕಾರರ ಮನೆಯಲ್ಲಿ

ಇಳಕಲ್‌ಗೆ ಜುಲೈ 14ರಂದು ಹೋಗೋಣ. ಮಗ್ಗ ಇರುವುದು ಅವರ ಮನೆಯ ಒಳಗೇ. ಕುಣಿ ಮಗ್ಗವಾದ್ದರಿಂದ ನೇಯುವವರು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿರುತ್ತಾರೆ. ಮೇಲಿನಿಂದ ಚಿತ್ರ ತೆಗೆದರೆ ಅವರು ಕುಗ್ಗಿದಂತೆ ಕಾಣುತ್ತಾರೆ. ನೀವೂ ನೆಲದ ಮೇಲೆ ಕೂತು, ಅವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಡಿ. ನಾವು ಇರುವಷ್ಟು ಹೊತ್ತು ಲಾಳಿ ನಿಲ್ಲುತ್ತದೆ, ಅವರ ಆ ದಿನದ ಕೂಲಿ ಹೋಗುತ್ತದೆ. ಅದನ್ನು ನಾವೇ ತುಂಬಿಕೊಡುತ್ತೇವೆ, ನಿಮ್ಮ ಸಂಭಾವನೆಯಿಂದ ಕಡಿತ ಮಾಡುವುದಿಲ್ಲ. ಮುಖ ತೋರಿಸಲು ಅವರ ಒಪ್ಪಿಗೆ ಕೇಳಿ. ಹೆಸರು ಹಾಕುವುದಾದರೆ ಕಾಗುಣಿತವನ್ನು ಅವರಿಂದಲೇ ಬರೆಸಿಕೊಳ್ಳಿ. ಮನೆಯ ಮಕ್ಕಳನ್ನು ದಯವಿಟ್ಟು ಚಿತ್ರಿಸಬೇಡಿ.

ಒಂದು ಮಾತು ಒತ್ತಿ ಹೇಳುತ್ತೇನೆ. ‘ಬಡ ನೇಕಾರ’, ‘ಅಳಿವಿನಂಚಿನ ಕಲೆ’, ‘ಇವರನ್ನು ಉಳಿಸಿ’ ಎಂಬ ಧಾಟಿ ನಮಗೆ ಬೇಡವೇ ಬೇಡ. ಅವರು ಮಾಡುವುದು ನುರಿತ ಕೈಗಳ ಕೆಲಸ. ಕೊಳ್ಳುವವರು ಹಣ ಕೊಡಬೇಕಾದದ್ದು ಆ ಪರಿಣತಿಗೆ, ಕನಿಕರಕ್ಕಲ್ಲ. ಹಾಗೆಯೇ ವಿದ್ಯುತ್ ಮಗ್ಗದವರನ್ನೂ ಹಳಿಯಬೇಡಿ. ಅವರೂ ದುಡಿದು ತಿನ್ನುವವರು. ನಮ್ಮ ತಕರಾರು ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ್ದೆಂದು ಮಾರುವವರ ಮೇಲೆ ಮಾತ್ರ.

ಏನು ಹೇಳಬಹುದು, ಏನು ಹೇಳಬಾರದು

ಈ ಸರಣಿಯ ಸೀರೆಗಳ ಒಡಲು ಹತ್ತಿಯದು. ದಡಿ ಮತ್ತು ಸೆರಗು ರೇಷ್ಮೆಯವು. ಹಾಗಾಗಿ ‘ಅಪ್ಪಟ ರೇಷ್ಮೆ ಸೀರೆ’ ಎನ್ನುವಂತಿಲ್ಲ. ಬಣ್ಣ ರಾಸಾಯನಿಕದ್ದು, ಆದ್ದರಿಂದ ‘ನೈಸರ್ಗಿಕ ಬಣ್ಣ’ ಎಂಬ ಪದ ಎಲ್ಲಿಯೂ ಬರಬಾರದು. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ, ನಮ್ಮ ಪ್ರತಿ ಸೀರೆಯ ಮೇಲೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯೂ ಇದೆ. ಈ ಎರಡನ್ನು ಧೈರ್ಯವಾಗಿ ಹೇಳಿ, ಚೀಟಿಯನ್ನು ಹತ್ತಿರದಿಂದ ತೋರಿಸಿ. ಆದರೆ ಈ ಸರಣಿಯಲ್ಲಿ ಕಸೂತಿ ಇಲ್ಲ. ನೀವು ನಿಮ್ಮ ಸ್ವಂತ ಕಸೂತಿ ಸೀರೆಯನ್ನು ಜೊತೆಗೆ ತೋರಿಸಿದರೆ, ಅದು ನಮ್ಮದಲ್ಲ ಎಂದು ತಿಳಿಸಿ. ‘ಇಷ್ಟು ಶತಮಾನಗಳ ಹಿಂದಿನದು’ ಎಂಬ ಲೆಕ್ಕವೂ ಬೇಡ. ಅದಕ್ಕೆ ದಾಖಲೆ ತೋರಿಸಿ ಎಂದರೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಕೆಂಪು ಸೆರಗು ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಡಬಹುದು. ಇದನ್ನು ಮುಚ್ಚಿಡಬೇಡಿ. ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಬೇಕು ಎಂದು ಒಂದು ಸ್ಟೋರಿಯಲ್ಲಿ ಹೇಳಿ. ಸೀರೆಯಲ್ಲಿ ನಿಮಗೆ ಹಿಡಿಸದ್ದು ಏನಾದರೂ ಇದ್ದರೆ, ಮೊದಲ ಸಲ ಉಟ್ಟಾಗ ಗಂಜಿ ಬಿರುಸಾಗಿದೆ ಎಂಬಂಥದ್ದು, ಅದನ್ನೂ ಹೇಳಲು ನಿಮಗೆ ಪೂರ್ತಿ ಸ್ವಾತಂತ್ರ್ಯವಿದೆ. ಬೆಲೆಯನ್ನು ತಪ್ಪದೆ ಹೇಳಿ: 3,900 ರೂಪಾಯಿಯಿಂದ 6,400 ರೂಪಾಯಿವರೆಗೆ. ‘ಬೆಲೆಗಾಗಿ ಮೆಸೇಜ್ ಮಾಡಿ’ ಎಂಬ ಪದ್ಧತಿ ನಮ್ಮಲ್ಲಿಲ್ಲ.

ಜಾಹೀರಾತು ಎಂಬ ಘೋಷಣೆ

ಇದರಲ್ಲಿ ರಿಯಾಯಿತಿ ಇಲ್ಲ. ಹಣ ಪಡೆದು, ಉಡುಗೊರೆ ಪಡೆದು ಮಾಡಿದ ಪೋಸ್ಟ್ ಜಾಹೀರಾತೇ. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ತಂದ ಇನ್‌ಫ್ಲುಯೆನ್ಸರ್ ಮಾರ್ಗಸೂಚಿಯೂ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಈ ಸಂಬಂಧವನ್ನು ನೋಡುವವರಿಗೆ ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರ ಜೊತೆಗೆ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಮರುಕಳಿಸಿದರೆ 50 ಲಕ್ಷದವರೆಗೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹೊಣೆ ಇಬ್ಬರ ಮೇಲೂ ಇದೆ ಎಂಬುದು ನಿಮಗೆ ಮೊದಲೇ ಗೊತ್ತಿರಲಿ ಎಂದು.

ಮಾಡಬೇಕಾದದ್ದು ಹೀಗೆ. ಪ್ರತಿ ಪೋಸ್ಟಿಗೂ ಇನ್‌ಸ್ಟಾಗ್ರಾಮ್‌ನ ಪೇಯ್ಡ್ ಪಾರ್ಟ್‌ನರ್‌ಶಿಪ್ ಸೌಲಭ್ಯವನ್ನು ಆನ್ ಮಾಡಿ ನಮ್ಮ ಖಾತೆಯನ್ನು ಜೋಡಿಸಿ. ಅದರ ಜೊತೆಗೆ ರೀಲ್‌ನ ಚಿತ್ರದ ಮೇಲೆಯೇ ‘ಜಾಹೀರಾತು’ ಎಂದು ಕನ್ನಡದಲ್ಲಿ ಬರೆಯಿರಿ. 15 ಸೆಕೆಂಡಿನಿಂದ 2 ನಿಮಿಷದೊಳಗಿನ ವಿಡಿಯೋದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಈ ಗುರುತು ಇರಬೇಕೆಂಬುದು ಎಎಸ್‌ಸಿಐ ನಿಯಮ. ಅಂದರೆ ನಿಮ್ಮ ದೊಡ್ಡ ರೀಲ್‌ನಲ್ಲಿ 30 ಸೆಕೆಂಡು, ಚಿಕ್ಕದರಲ್ಲಿ 20. ನಾವು ಕೇಳುವುದು ಮೊದಲಿನಿಂದ ಕೊನೆಯವರೆಗೆ ಇರಲಿ ಎಂದು, ಏಕೆಂದರೆ ನಡುವೆ ಬಂದು ನೋಡುವವರೂ ಇರುತ್ತಾರೆ. ಬರಹದ ಮೊದಲ ಸಾಲಿನ ಮೊದಲ ಪದವೂ ಅದೇ ಆಗಲಿ. ಹ್ಯಾಷ್‌ಟ್ಯಾಗ್‌ಗಳ ರಾಶಿಯ ಕೆಳಗೆ ಅದನ್ನು ಹೂತುಹಾಕಿದರೆ ಹೇಳಿದಂತಾಗುವುದಿಲ್ಲ. ನಾಲ್ಕು ಸ್ಟೋರಿಗಳಲ್ಲಿ ಒಂದೊಂದರ ಮೇಲೂ ಬೇರೆ ಬೇರೆಯಾಗಿ ಬರೆಯಬೇಕು. ಕಮೆಂಟಿನಲ್ಲಿ ಯಾರಾದರೂ ‘ದುಡ್ಡು ತಗೊಂಡು ಹೇಳ್ತಿದೀರಾ?’ ಎಂದು ಕೇಳಿದರೆ ಹೌದು ಎಂದೇ ಉತ್ತರಿಸಿ. ನಾವು ಕೊಟ್ಟ ಸೀರೆಯನ್ನು ಮುಂದೆಂದಾದರೂ ಉಟ್ಟು ನಮ್ಮ ಹೆಸರು ಹೇಳಿದರೆ, ಅದು ಉಡುಗೊರೆ ಎಂದೂ ಹೇಳಿ.

ಕರಡು

ಎರಡೂ ರೀಲ್‌ಗಳ ಕರಡು ಜುಲೈ 22ರೊಳಗೆ ನಮಗೆ ಸಿಗಲಿ. ಎರಡು ದಿನದಲ್ಲಿ ಉತ್ತರಿಸುತ್ತೇವೆ. ನಾವು ತಿದ್ದುವುದು ತಪ್ಪು ಮಾಹಿತಿ, ಬಿಟ್ಟುಹೋದ ಘೋಷಣೆ, ನೇಕಾರರ ಘನತೆಗೆ ಕುಂದು ತರುವ ದೃಶ್ಯ, ಇವಿಷ್ಟನ್ನೇ. ನಿಮ್ಮ ಶೈಲಿ, ಅಭಿಪ್ರಾಯ, ಸಂಕಲನದಲ್ಲಿ ಕೈಹಾಕುವುದಿಲ್ಲ. ತಿದ್ದುಪಡಿ ಒಂದು ಸಲ ಉಚಿತ. ನಮ್ಮ ಮನಸ್ಸು ಬದಲಾಗಿ ಮತ್ತೆ ಚಿತ್ರೀಕರಿಸಲು ಹೇಳಿದರೆ 3,000 ರೂಪಾಯಿ ಬೇರೆ ಕೊಡುತ್ತೇವೆ.

ಹಣಕಾಸು

ಒಟ್ಟು ಸಂಭಾವನೆ 24,000 ರೂಪಾಯಿ. ಒಪ್ಪಿಗೆಯ ಇಮೇಲ್ ಬಂದ ಮೂರು ದಿನದಲ್ಲಿ 12,000, ಕೊನೆಯ ಸ್ಟೋರಿ ಪ್ರಕಟವಾಗಿ ನಿಮ್ಮ ಬಿಲ್ ಬಂದ 15 ದಿನದಲ್ಲಿ ಉಳಿದ 12,000, ಬ್ಯಾಂಕ್ ಖಾತೆಗೇ. ನಮ್ಮಿಂದ ತಡವಾದರೆ ವಾರಕ್ಕೆ 300 ರೂಪಾಯಿ ಸೇರಿಸಿ ಕೊಡುತ್ತೇವೆ. ನೋಡಿದವರ ಸಂಖ್ಯೆ, ಲೈಕ್, ಮಾರಾಟ ಎಷ್ಟೇ ಆಗಲಿ, ಈ ಮೊತ್ತ ಬದಲಾಗುವುದಿಲ್ಲ. ಇಳಕಲ್‌ಗೆ ಹೋಗಿಬರುವ ಕಾರು, ಊಟದ ಖರ್ಚು ನಮ್ಮದು.

ಮಾರಾಟದ ಮೇಲೆ ಕಮಿಷನ್ ಬೇಕೇ ಎಂದು ಕೇಳಿದ್ದಿರಿ. ಯೋಚಿಸಿ ನೋಡಿದೆ, ಬೇಡ ಅನಿಸಿತು. ಪ್ರತಿ ಸೀರೆಗೆ ಇಷ್ಟು ಎಂದಾದರೆ, ಹೊಗಳಿಕೆ ತಾನಾಗಿ ಒಂದು ಹೆಜ್ಜೆ ಮುಂದೆ ಹೋಗಿಬಿಡುತ್ತದೆ. ಅದಕ್ಕೆ ಬದಲಾಗಿ ಮೊದಲು ಮಾತಾಡಿದ್ದ 20,000ವನ್ನು 24,000ಕ್ಕೆ ಏರಿಸಿದ್ದೇನೆ.

ಸೀರೆಗಳು ಎರಡು ಬರುತ್ತವೆ, ಜುಲೈ 10ರೊಳಗೆ. ಹಸಿರು ಒಡಲಿನದು, ಬೆಲೆ 4,200, ನಿಮ್ಮದೇ. ಗೋಮಿ ದಡಿಯ ಕಪ್ಪು ಸೀರೆ ಚಿತ್ರೀಕರಣಕ್ಕೆ ಮಾತ್ರ. ಆಗಸ್ಟ್ 14ರೊಳಗೆ ವಾಪಸ್ ಬರಲಿ, ಕೊರಿಯರ್ ಖರ್ಚು ನಮ್ಮದು. ಉಟ್ಟಾಗ ಆಗುವ ಸಣ್ಣಪುಟ್ಟ ಕಲೆಗೆ ನಿಮ್ಮಿಂದ ಏನೂ ವಸೂಲು ಮಾಡುವುದಿಲ್ಲ.

ಈ ಮೊತ್ತ ಟಿಡಿಎಸ್ ಕಡಿತದ ಮಿತಿಯನ್ನು ತಲುಪುವುದಿಲ್ಲ. ಉಡುಗೊರೆಯ ಲೆಕ್ಕದಲ್ಲೂ ವರ್ಷಕ್ಕೆ 20,000 ರೂಪಾಯಿ ಮೀರಿದರಷ್ಟೇ ಕಡಿತ. ಇದೇ ಹಣಕಾಸು ವರ್ಷದಲ್ಲಿ ಮತ್ತೆ ಕೆಲಸ ಮಾಡಿ ಮಿತಿ ದಾಟಿದರೆ, ಕಡಿತ ಮಾಡಿ ಪ್ರಮಾಣಪತ್ರ ಕೊಡುತ್ತೇವೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಈ ಹಣವನ್ನೂ ಸೀರೆಯ ಬೆಲೆಯನ್ನೂ ತೋರಿಸಿಕೊಳ್ಳುವುದು ನಿಮ್ಮ ಜವಾಬ್ದಾರಿ. ಬಿಲ್ಲಿನಲ್ಲಿ ಪ್ಯಾನ್ ಸಂಖ್ಯೆ ಇರಲಿ. ಜಿಎಸ್‌ಟಿ ನೋಂದಣಿ ಇಲ್ಲ ಎಂದಿದ್ದೀರಿ, ಆದ್ದರಿಂದ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಬೇಡಿ.

ಉಳಿದದ್ದು

ನಿಮ್ಮ ವಿಡಿಯೋಗಳನ್ನು ನಮ್ಮ ಪುಟದಲ್ಲಿ ಆರು ತಿಂಗಳು ಬಳಸುತ್ತೇವೆ, ನಿಮ್ಮ ಹೆಸರಿನೊಂದಿಗೆ. ಹಣ ಕೊಟ್ಟು ಹೆಚ್ಚು ಜನರಿಗೆ ತಲುಪಿಸುವುದಾದರೆ ನಾವು ಮೊದಲು ನಿಮ್ಮ ಒಪ್ಪಿಗೆ ಕೇಳುತ್ತೇವೆ, ತಿಂಗಳಿಗೆ 4,000 ರೂಪಾಯಿ ಕೊಡುತ್ತೇವೆ. ಫಲಕ, ಮುದ್ರಿತ ಜಾಹೀರಾತು ಇದರಲ್ಲಿ ಸೇರಿಲ್ಲ. ನೀವೂ ಆರು ತಿಂಗಳು ಪೋಸ್ಟುಗಳನ್ನು ಅಳಿಸಬೇಡಿ. ಜುಲೈ 25ರಿಂದ ಆಗಸ್ಟ್ 15ರವರೆಗೆ ಬೇರೆ ಸೀರೆ ಮಾರಾಟಗಾರರ ಪ್ರಚಾರ ಬೇಡ. ಒಡವೆ, ಅಡುಗೆ, ಬೇರೆ ಏನೇ ಆದರೂ ಅಡ್ಡಿಯಿಲ್ಲ.

ಚಿತ್ರೀಕರಣಕ್ಕೆ ಮೊದಲು ನಾವು ಕೆಲಸ ಕೈಬಿಟ್ಟರೆ ಮುಂಗಡ ನಿಮ್ಮದೇ. ಚಿತ್ರೀಕರಣ ಮುಗಿದ ಮೇಲೆ ಕೈಬಿಟ್ಟರೆ ಪೂರ್ತಿ ಹಣ. ನೀವು ಕೈಬಿಟ್ಟರೆ ಮುಂಗಡವನ್ನೂ ಸೀರೆಗಳನ್ನೂ ಹತ್ತು ದಿನದಲ್ಲಿ ಹಿಂದಿರುಗಿಸಬೇಕು. ಅನಾರೋಗ್ಯ, ಮನೆಯಲ್ಲಿ ಸಾವುನೋವು ಆದರೆ ದಿನಾಂಕಗಳನ್ನು ಮುಂದೂಡೋಣ. ಘೋಷಣೆಯ ಗುರುತಿಲ್ಲದೆ ಪೋಸ್ಟ್ ಹೋಗಿದ್ದರೆ ಅದೇ ದಿನ ಸರಿಪಡಿಸಬೇಕು. ಅಲ್ಲಿಯವರೆಗೆ ಉಳಿದ ಹಣ ನಿಲ್ಲುತ್ತದೆ.

ಜುಲೈ 8ರ ಸಂಜೆಯೊಳಗೆ ಈ ಇಮೇಲಿಗೆ ‘ಒಪ್ಪಿದ್ದೇನೆ’ ಎಂದು ಉತ್ತರಿಸಿ, ಜೊತೆಗೆ ಬ್ಯಾಂಕ್ ವಿವರ ಮತ್ತು ಸೀರೆ ತಲುಪಿಸಬೇಕಾದ ವಿಳಾಸ ಕಳುಹಿಸಿ. ಬದಲಾವಣೆ ಬೇಕಿದ್ದರೆ ಅದಕ್ಕೂ ಮುಂಚೆ ಫೋನ್ ಮಾಡಿ. ಇಳಕಲ್‌ಗೆ ಬೆಳಿಗ್ಗೆ ಐದಕ್ಕೇ ಧಾರವಾಡದಿಂದ ಹೊರಡಬೇಕು, ಕಾರು ನಿಮ್ಮ ಮನೆಯ ಬಾಗಿಲಿಗೇ ಬರುತ್ತದೆ.

ಗಿರಿಜಾ
ಪ್ರಚಾರ ವಿಭಾಗ, ಹುಬ್ಬಳ್ಳಿ ಮಳಿಗೆ